ಪದಚರ್ಚೆ: ಫ್ಲೂ ಲಸಿಕೆಯ 'ತಳಿ', 'ಸದೃಶ ವೈರಸ್'

ಪ್ರಶ್ನೆ: ಇನ್‌ಫ್ಲುಯೆನ್ಜಾ ಲಸಿಕೆಯನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯು 2014ರ ಫೆಬ್ರವರಿಯಲ್ಲಿ ಲಸಿಕೆಗೆಂದು ಸೂಚಿಸಿದ ವೈರಸ್ಸುಗಳ ಪಟ್ಟಿಯಲ್ಲಿ ಎ/ಟೆಕ್ಸಾಸ್/50/2012 ಎಂಬ ಹೆಸರಿದ್ದು, ಅದರ ಬಾಲಕ್ಕೆ 'ಲೈಕ್' ಎಂಬ ಪದ ಅಂಟಿಕೊಂಡಿದೆ. ನಾನು 'ಟೆಕ್ಸಾಸ್ ತಳಿಯಂಥ ವೈರಸ್' ಎಂದು ಬರೆದೆ. ಆದರೆ 'ಅಂಥ' ಎಂದರೆ ಅಂದಾಜಿನ ಮಾತಾಗುವುದಿಲ್ಲವೇ? 'ಸದೃಶ' ಸಲ್ಲುತ್ತದೆಯೇ?

ಕನ್ನಡ ಅಧ್ಯಾಪಕರೊಬ್ಬರು: 'ಸದೃಶ' ಎಂಬುದು ಕಣ್ಣಿಗೆ ಕಾಣುವ ಹೋಲಿಕೆ. 'ತಳಿ'ಯಾದರೋ ಭತ್ತಕ್ಕೂ ದನಕ್ಕೂ ಸಲ್ಲುವ, ಮನುಷ್ಯರು ಆರಿಸಿ ಬೆಳೆಸಿದ್ದನ್ನು ಸೂಚಿಸುವ ಪದ. ತಾನಾಗಿ ಬದಲಾಗುವ ವೈರಸ್ಸಿಗೆ 'ರೂಪಾಂತರಿ' ಸಾಕು.

ವೈರಾಣು ಪ್ರಯೋಗಾಲಯದಲ್ಲಿ ದುಡಿದವರೊಬ್ಬರು: ಲಸಿಕೆಯ ವೈರಸ್ಸನ್ನೂ ಆರಿಸಿಯೇ ಬೆಳೆಸುತ್ತಾರೆ, ಬಹುಪಾಲು ಕೋಳಿಮೊಟ್ಟೆಯಲ್ಲಿ. ಆದ್ದರಿಂದ ನಿಮ್ಮ ವಾದವೇ 'ತಳಿ'ಯನ್ನು ಸಮರ್ಥಿಸುತ್ತದೆ. 'ಲೈಕ್' ಅಂದಾಜಿನ ಮಾತಲ್ಲ, ಅಳತೆಯ ಮಾತು. ಫೆರೆಟ್ ಎಂಬ ಪ್ರಾಣಿಗೆ ಒಂದು ವೈರಸ್ಸಿನ ಸೋಂಕು ತಗುಲಿಸಿ, ಅದರ ರಕ್ತದ ಸೀರಮ್ಮನ್ನು ಹಂತಹಂತವಾಗಿ ಎರಡು ಪಟ್ಟು ತೆಳುಗೊಳಿಸುತ್ತ, ಎಷ್ಟು ತೆಳುವಾದರೂ ಅದು ವೈರಸ್ಸನ್ನು ತಡೆಯುತ್ತದೆ ಎಂದು ನೋಡುತ್ತಾರೆ. ತನ್ನದೇ ವೈರಸ್ಸನ್ನು 1280 ಪಟ್ಟು ತೆಳುವಾದಾಗಲೂ ತಡೆಯುವ ಸೀರಮ್ ಹೊಸ ವೈರಸ್ಸನ್ನು 640 ಅಥವಾ 320ರವರೆಗೆ ತಡೆದರೆ ಅದನ್ನು 'ಸದೃಶ'ವೆಂದು ಎಣಿಸುವುದು ವಾಡಿಕೆ. 160ರವರೆಗಷ್ಟೇ, ಎಂದರೆ ಎಂಟನೆಯ ಒಂದು ಭಾಗದವರೆಗಷ್ಟೇ, ತಡೆದರೆ ಹೊಸ ವೈರಸ್ ದೂರ ಸರಿದಿದೆ ಎಂದು ಅನುಮಾನಿಸುತ್ತಾರೆ. ಹೋಲಿಕೆ ರೂಪದ್ದಲ್ಲ, ಸೀರಮ್ಮಿನಲ್ಲಿರುವ ಪ್ರತಿಕಾಯ ವೈರಸ್ಸನ್ನು ಗುರುತಿಸುವ ಬಗೆಯದು. ಟೆಕ್ಸಾಸ್ ತಳಿಯೂ ಸೇರಿರುವ ಎಚ್3ಎನ್2 ಎಂಬ ಫ್ಲೂ ಬಗೆಯ ಇತ್ತೀಚಿನ ವೈರಸ್ಸುಗಳಲ್ಲಿ ಕೆಲವು ಈ ಪರೀಕ್ಷೆಗೆ ಸರಿಯಾಗಿ ಒಗ್ಗುವುದಿಲ್ಲ ಎಂಬುದು ಬೇರೆ ತಲೆನೋವು.

ಮತ್ತೊಬ್ಬ ಓದುಗರು: ಲಸಿಕೆ ಹಾಕಿಸಿಕೊಂಡ ಮೇಲೂ ನನಗೆ ಜ್ವರ ಬಂದಿತ್ತು. ಹಾಗಾದರೆ ಆ ವರ್ಷದ ಲಸಿಕೆ 'ಸದೃಶ'ವಾಗಿರಲಿಲ್ಲವೇ?

ಪ್ರಯೋಗಾಲಯದವರು: ಒಬ್ಬರ ಜ್ವರದಿಂದ ಅದನ್ನು ಹೇಳಲಾಗದು; ಅದು ಫ್ಲೂ ಹೌದೋ ಅಲ್ಲವೋ ಎಂಬುದೇ ಪರೀಕ್ಷೆಯಿಲ್ಲದೆ ತಿಳಿಯದು. ಆದರೆ ಮೇಲಿನ ಟೆಕ್ಸಾಸ್ ತಳಿಗೆ ಹಾಗೆಯೇ ಆಯಿತು. ಲಸಿಕೆ ತಯಾರಿಕೆಗೆ ಸುಮಾರು ಆರು ತಿಂಗಳು ಬೇಕಾದ್ದರಿಂದ, ಉತ್ತರಾರ್ಧಗೋಳದ ಮುಂದಿನ ಚಳಿಗಾಲದ ತಳಿಗಳನ್ನು ಫೆಬ್ರವರಿಯಲ್ಲೇ ಗೊತ್ತುಮಾಡುತ್ತಾರೆ. ಆ ನಿರ್ಧಾರವಾದ ಮೇಲೆ, ಟೆಕ್ಸಾಸ್ ಸೀರಮ್ಮಿಗೆ ಸರಿಯಾಗಿ ಸಿಕ್ಕದ ಎಚ್3ಎನ್2 ವೈರಸ್ಸುಗಳು ಹೆಚ್ಚತೊಡಗಿದವು. ದಕ್ಷಿಣಾರ್ಧಗೋಳಕ್ಕಾಗಿ ಸೆಪ್ಟೆಂಬರಿನಲ್ಲಿ ಸೇರಿದ ಸಭೆ ಎ/ಸ್ವಿಟ್ಜರ್ಲೆಂಡ್/9715293/2013ಕ್ಕೆ ಬದಲಾಯಿಸಿತಾದರೂ, ಉತ್ತರದ ಲಸಿಕೆ ಅಷ್ಟರಲ್ಲಿ ತಯಾರಾಗಿಬಿಟ್ಟಿತ್ತು.

ಪ್ರಶ್ನೆ ಕೇಳಿದವರು: ಹಾಗಿದ್ದರೆ ಮೊದಲ ಬಾರಿ 'ಪ್ರತಿಕಾಯಕ್ಕೆ ಟೆಕ್ಸಾಸ್ ತಳಿಯಂತೆಯೇ ತೋರುವ ವೈರಸ್' ಎಂದು ಬಿಡಿಸಿ ಬರೆದು, ಮುಂದೆ 'ಟೆಕ್ಸಾಸ್-ಸದೃಶ' ಎನ್ನುತ್ತೇನೆ. ಫೆರೆಟನ್ನು ನಾನು 'ಮುಂಗುಸಿ' ಎಂದು ಬರೆದಿದ್ದೆ.

ಪ್ರಯೋಗಾಲಯದವರು: ಮುಂಗುಸಿಯ ಕುಟುಂಬವೇ ಬೇರೆ. 'ಫೆರೆಟ್' ಎಂದೇ ಇರಲಿ.

ಅಧ್ಯಾಪಕರು: 'ತಳಿ'ಯನ್ನು ಒಪ್ಪಿದೆ. 'ಸದೃಶ'ದ ಬಗ್ಗೆ ನನ್ನ ತಕರಾರು ಹಾಗೆಯೇ ಇದೆ; 'ತೋರುವ' ಎಂದಾಗಲೂ ನೀವು ಕಣ್ಣಿನ ಮಾತನ್ನೇ ಆಡುತ್ತಿದ್ದೀರಿ.