ಸಹಾಯ ಬೇಕು: ಆರ್‌ಎಸ್‌ಎ ಪ್ಯಾಡಿಂಗ್‌ನಾಗ ಸೀಡ್ ಯಾಕ ಬೇಕು?

ಅಣ್ಣಾರ, ಅಕ್ಕಾರ, ಬಾಗಲಕೋಟ್ಯಾಗ ಕಾಲೇಜ್ ಲ್ಯಾಬ್ ಸಲುವಾಗಿ ಪೈಥಾನ್‌ನಾಗ ಆರ್‌ಎಸ್‌ಎ ಮಾಡಾಕತ್ತೀನಿ, ಒಂದ್ ಕಡೆ ಸಿಕ್ಕೊಂಡೀನಿ. n=3233, e=17 ಇಟ್ಟು 65 ಎನ್‌ಕ್ರಿಪ್ಟ್ ಮಾಡಿದ್ರ 2790 ಬಂತು. ಆಮ್ಯಾಲ ಪ್ರೈವೇಟ್ ಕೀ ಮುಟ್ಟದನ ಇದನ್ನ ಮಾಡಿದೆ:

```
2790 * pow(2, 17, 3233) % 3233
```

3017 ಬಂತು, ಡಿಕ್ರಿಪ್ಟ್ ಮಾಡಿದ್ರ ಸೀದಾ 130! ಅಂದ್ರ 65 ರೂಪಾಯಿ ಅಂತ ಕಳಿಸಿದ್ದನ್ನ ಒಳಗೇನೈತಿ ನೋಡದನ ಯಾರರ ಡಬಲ್ ಮಾಡಬಹುದು, ಹೊರಗ ಗುಣಿಸಿದ್ರ ಒಳಗೂ ಗುಣಾಕಾರ ಆಗ್ತೈತಿ, ಇಷ್ಟು ತಿಳೀತು.

ಆಮ್ಯಾಲ 2048 ಬಿಟ್ ಕೀ, ಓಎಇಪಿ ಹಾಕಿ ಅದನ್ನ ಮಾಡಿದೆ, `ValueError`. ಇಲ್ಲೂ ಡಬಲ್ ಆಗೇ ಆಗ್ತೈತಿ, ಆದ್ರ ಪ್ಯಾಡ್ ಆದ ಇಡೀ ನಂಬರ್ ಡಬಲ್ ಆಗ್ತೈತಿ, ಮಾಸ್ಕ್ ಬಿಚ್ಚಿದಾಗ ಎಲ್ಲಾ ಕಲಸಿಹೋಗಿ ಒಳಗಿನ ಲೇಬಲ್ ಹ್ಯಾಶ್ ಕೂಡಂಗಿಲ್ಲ, ಅದಕ್ಕ ಒಗೀತೈತಿ. ಹಂಗಾದ್ರ ರ‍್ಯಾಂಡಮ್ ಸೀಡ್ ಕೆಲ್ಸ ಏನು, ಒಂದ ಮೆಸೇಜ್ ಪ್ರತಿ ಸಲ ಬ್ಯಾರೆ ಕಾಣ್ಲಿ ಅಂತ ಅಷ್ಟನ? PKCS#1 v1.5 ದಾಗೂ ರ‍್ಯಾಂಡಮ್ ಬೈಟ್ ಅದಾವು, ಆದ್ರೂ 1998ರಾಗ ಬ್ಲೈಖೆನ್‌ಬಾಕರ್ ಇದ ಗುಣಾಕಾರದಿಂದ ಮೆಸೇಜ್ ಹೊರಗ ತಗದ್ರು, ಪ್ಯಾಡಿಂಗ್ ಸರಿನೋ ತಪ್ಪೋ ಅಂತ ಸರ್ವರ್ ಹೇಳಿದ್ದಷ್ಟ ಸಾಕಾತು.

ಇಲ್ಲೇ ತಲಿ ಕೆಟ್ಟೈತಿ. ಓಎಇಪಿಯಾಗ ಸೀಡನ್ನ ಪ್ರತಿ ಸಲ ಬರೇ ಸೊನ್ನೆ ಇಟ್ರ ನನ್ನ ಡಬಲ್ ಆಟ ಪಾಸ್ ಆಗ್ತೈತೇನು, ಇಲ್ಲಾ ಹ್ಯಾಶ್ ಚೆಕ್ ಒಂದ ಅದನ್ನ ತಡೀತೈತೇನು?