ಅಪ್‌ಡೇಟ್: ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿದ ಕಥೆ

ನನ್ನ ಪ್ರಶ್ನೆ ಹೀಗಿತ್ತು: “ನಿಂತಿರುವ ಅಜ್ಜಿಯ ಫೋಟೊ ಇದೆ. ಎಐ ಚಿತ್ರ ರಚನೆಯಲ್ಲಿ ಭಂಗಿಯನ್ನು ನಿಯಂತ್ರಿಸುವ ಕಂಟ್ರೋಲ್‌ನೆಟ್‌ಗೆ, ದೇಹದ ಕೀಲುಗಳನ್ನು ಬಿಂದುಗಳಾಗಿ ಗುರುತಿಸುವ ಓಪನ್‌ಪೋಸ್‌ನ ಅಸ್ಥಿಪಂಜರ ಕೊಟ್ಟು ಕುರ್ಚಿಯಲ್ಲಿ ಕೂರಿಸಿದರೆ ಮುಖ ಅವರದೇ, ಮೈಕಟ್ಟು ಮಾತ್ರ ಬೇರೆ ಯಾರದೋ. ಏಕೆ?”

ಉತ್ತರಿಸಿದವರೊಬ್ಬರ ಊಹೆ ಸರಿಯಾಗಿತ್ತು. ಭಂಗಿಗಾಗಿ ಬಳಸಿದ್ದು ಕುರ್ಚಿಯಲ್ಲಿ ಕೂತ ಎತ್ತರದ ಯುವಕನೊಬ್ಬನ ಫೋಟೊ. ಓಪನ್‌ಪೋಸ್‌ನ 18 ಬಿಂದುಗಳು ಕೈಕಾಲು ಯಾವ ಕೋನದಲ್ಲಿವೆ ಎಂಬುದನ್ನಷ್ಟೇ ಅಲ್ಲ, ಎಷ್ಟು ಉದ್ದ ಎಂಬುದನ್ನೂ ಹೊತ್ತು ತರುತ್ತವೆ. ಮುಖವನ್ನೂ ಸೀರೆಯನ್ನೂ, ಮೂಲ ಫೋಟೊದ ನೋಟವನ್ನು ಹೊಸ ಚಿತ್ರಕ್ಕೆ ತರುವ ಐಪಿ-ಅಡಾಪ್ಟರ್ ಉಳಿಸಿಕೊಟ್ಟಿತು. ದೇಹದ ಅಳತೆ ಮಾತ್ರ ಆ ಯುವಕನದೇ.

ಹಾಗಾಗಿ ಅಜ್ಜಿಯ ಮತ್ತು ಯುವಕನ ನಿಂತ ಫೋಟೊಗಳೆರಡರಿಂದಲೂ ಅಸ್ಥಿಪಂಜರ ತೆಗೆದೆ. ಕುತ್ತಿಗೆಯಿಂದ ಸೊಂಟದವರೆಗಿನ ಉದ್ದವನ್ನು ಮಾನವಾಗಿಟ್ಟುಕೊಂಡು ತೋಳು, ತೊಡೆ, ಕಣಕಾಲುಗಳನ್ನು ಹೋಲಿಸಿದೆ. ಕೂತಾಗ ತೊಡೆ ನಮ್ಮತ್ತ ಚಾಚಿ ಗಿಡ್ಡವಾಗಿ ಕಾಣುವುದರಿಂದ ನಿಂತ ಅಳತೆಯನ್ನು ನೇರವಾಗಿ ಹಾಕುವಂತಿಲ್ಲ. ಯುವಕನ ತೊಡೆ 100 ಇದ್ದಲ್ಲಿ ಅಜ್ಜಿಯದು 85 ಎಂದಾದರೆ, ಭಂಗಿಯಲ್ಲಿ ಕಾಣುವ 60 ಪಿಕ್ಸೆಲ್‌ಗಳ ತೊಡೆಯನ್ನು 51ಕ್ಕೆ ಇಳಿಸಬೇಕು. ಕೋನ ಹಾಗೆಯೇ ಇರಲಿ. ಸೊಂಟದಿಂದ ಶುರುಮಾಡಿ, ಮಂಡಿ ಸರಿಸಿದಾಗ ಪಾದದ ಗಂಟನ್ನೂ ಜೊತೆಗೇ ಸರಿಸಬೇಕು.

ಸೀರೆಯದು ಬೇರೆಯೇ ತಕರಾರು. ಅಜ್ಜಿಯ ನಿಂತ ಫೋಟೊದಲ್ಲಿ ನೆರಿಗೆಯೊಳಗಿನ ಮಂಡಿಯನ್ನು ಓಪನ್‌ಪೋಸ್ ಅಂದಾಜಿನಲ್ಲಿ ಗುರುತಿಸುತ್ತದೆ. ಅದನ್ನು ನಂಬದೆ ಸೊಂಟಕ್ಕೂ ಪಾದದ ಗಂಟಿಗೂ ಸುಮಾರು ನಡುವೆ ನಾನೇ ಇಟ್ಟೆ.

ತಿದ್ದಿದ ಅಸ್ಥಿಪಂಜರ ಕೊಡುವಾಗ, ಫೋಟೊದಿಂದ ಅಸ್ಥಿಪಂಜರ ತೆಗೆಯುವ ಪ್ರಿಪ್ರೊಸೆಸರ್ `none` ಇರಬೇಕು. ಚಿತ್ರ ರಚನೆಯ ಹಂತಗಳಲ್ಲಿ 0.75 ಭಾಗ ಮುಗಿದಾಗ ಕಂಟ್ರೋಲ್‌ನೆಟ್‌ನ ನಿಯಂತ್ರಣವನ್ನು ನಿಲ್ಲಿಸಿದ ಮೇಲೆ ನೆರಿಗೆಗಳೂ ಸಹಜವಾಗಿ ಇಳಿಬಿದ್ದವು. ಮಡಿಲಲ್ಲಿ ಒಂದರ ಮೇಲೊಂದು ಇಟ್ಟ ಕೈಗಳು ಇನ್ನೂ ಕಲಸಿಹೋಗುತ್ತಿವೆ. ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಈ ಬಿಂದುಗಳಲ್ಲಿ ಇಲ್ಲ. ಅಲ್ಲಿಗೆ ದೂರ-ಹತ್ತಿರವನ್ನು ತಿಳಿಸುವ ಡೆಪ್ತ್ ಕಂಟ್ರೋಲ್‌ನೆಟ್ ಸೇರಿಸಿ ನೋಡುತ್ತೇನೆ.