ಅಜ್ಜಿಯ ಫೋಟೊ ರಿಪೇರಿ ಮಾಡಿದರೆ ಬೇರೆ ಯಾರೋ ಬಂದರು

ಸಿದ್ದಾಪುರದ ಮೊಮ್ಮಗಳು: ತೋಟದ ಲೈನ್ ಮನೆ ಮುಂದೆ ತೆಗೆದ ಹಳೇ ಕಪ್ಪು-ಬಿಳುಪು ಗ್ರೂಪ್ ಫೋಟೊ ಇದೆ. ಅಜ್ಜಿ ಮುಖ ಮಸುಕಾಗಿತ್ತು. ಎಐ ಆ್ಯಪ್‌ಗೆ ಹಾಕಿದೆ. ಮೂಗು ಸಣ್ಣ, ತುಟಿ ತೆಳು, ಮೈಬಣ್ಣ ಬೆಳ್ಳಗೆ. ಅಮ್ಮ ನೋಡಿ, "ಇದು ನಮ್ಮವ್ವ ಅಲ್ಲ" ಅಂದರು. ಯಾಕೆ ಹೀಗೆ?

ಮಡಿಕೇರಿ ಮಂಜು: "ಕಪ್ಪು ಮೈಬಣ್ಣ" ಅಂತ ಪ್ರಾಂಪ್ಟ್‌ನಲ್ಲಿ ಬರೆದುಬಿಡಿ, ಸರಿಹೋಗುತ್ತೆ.

ಸ್ಟುಡಿಯೊದವನು: ಮಂಜು, ಹೊಸದಾಗಿ ಚಿತ್ರ ಬರೆಸುವಾಗ ಅದು ನಡೆಯುತ್ತೆ. ಇಲ್ಲಿ ಬಣ್ಣ ಕಪ್ಪಾದರೂ ಮೂಗು ಅದೇ ಬೇರೆಯವರದ್ದು. ಅಕ್ಕ, ಸ್ಕ್ಯಾನ್‌ನಲ್ಲಿ ಮುಖದ ಅಗಲ ಎಷ್ಟು ಪಿಕ್ಸೆಲ್?

ಸಿದ್ದಾಪುರದ ಮೊಮ್ಮಗಳು: ಸುಮಾರು 40. ಸ್ಕ್ಯಾನ್ 200 ಡಿಪಿಐ.

ಸ್ಟುಡಿಯೊದವನು: ಇಂಥ ಮಾಡೆಲ್‌ಗಳು ಸಾಮಾನ್ಯವಾಗಿ 512 ಪಿಕ್ಸೆಲ್ ಮುಖ ಕೊಡುತ್ತವೆ. ಅಂದರೆ ನಿಮ್ಮ ಒಂದೊಂದು ಚುಕ್ಕೆಯ ಜಾಗಕ್ಕೆ 160ಕ್ಕೂ ಹೆಚ್ಚು ಚುಕ್ಕೆ ಬೇಕು. ಫೋಟೊದಲ್ಲಿ ಇಲ್ಲದ್ದನ್ನು ಅದು ತಾನು ಕಲಿತ ಮುಖಗಳಿಂದ ತುಂಬುತ್ತೆ. ಹೆಚ್ಚಿನವು ಕಲಿತಿರುವುದು ಫ್ಲಿಕರ್‌ನಿಂದ ತೆಗೆದ 70,000 ಮುಖಗಳ FFHQ ಸಂಗ್ರಹದಿಂದ, ಅದರಲ್ಲಿ ಬಿಳಿಯರೇ ಜಾಸ್ತಿ. 2020ರಲ್ಲಿ PULSE ಅನ್ನೋ ಮಾಡೆಲ್‌ಗೆ ಒಬಾಮಾ ಅವರ ಮಸುಕು ಫೋಟೊ ಕೊಟ್ಟಾಗ ಬಂದದ್ದು ಬಿಳಿಯನೊಬ್ಬನ ಮುಖ.

ಹಾಗಾಗಿ ಮೊದಲು ಸ್ಕ್ಯಾನ್ ಮತ್ತೆ ಮಾಡಿ, 1200 ಡಿಪಿಐನಲ್ಲಿ. ಅದೇ ಮುಖ 240 ಪಿಕ್ಸೆಲ್ ಆಗುತ್ತೆ, ಪ್ರಿಂಟ್‌ನಲ್ಲಿ ವಿವರ ಉಳಿದಿದ್ದರೆ ಊಹೆ ಕಮ್ಮಿಯಾಗುತ್ತೆ. ಆಮೇಲೆ ಆ ಸ್ಕ್ಯಾನನ್ನು ajji ಅನ್ನೋ ಫೋಲ್ಡರ್‌ಗೆ ಹಾಕಿ, ಮುಖ ರಿಪೇರಿ ಮಾಡುವ CodeFormer ಪ್ರೋಗ್ರಾಂ ಹೀಗೆ ಓಡಿಸಿ:

```
python inference_codeformer.py -w 0.9 --input_path ajji
```

`-w` ಸುಮ್ಮನೆ ಬಿಟ್ಟರೆ 0.5. ಅದು 1ರ ಹತ್ತಿರ ಹೋದಷ್ಟೂ ನಿಮ್ಮ ಫೋಟೊಗೇ ಅಂಟಿಕೊಳ್ಳುತ್ತೆ. ಮುಖ ಅಷ್ಟು ನುಣುಪಾಗಿ ಬರಲ್ಲ, ಬರದಿರಲಿ.

ಗೋಣಿಕೊಪ್ಪದ ಅತ್ತೆ: ನನ್ನ ಮೊಬೈಲೂ ಸೆಲ್ಫಿ ತೆಗೆದರೆ ನನ್ನನ್ನು ಬೆಳ್ಳಗೆ ಮಾಡುತ್ತಪ್ಪ.

ಸ್ಟುಡಿಯೊದವನು: ಅತ್ತೆ, ಅದು ಬ್ಯೂಟಿ ಮೋಡ್ ಇರಬೇಕು, ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ. ಇದರ ಕಥೆ ಬೇರೆ.

ಸಿದ್ದಾಪುರದ ಮೊಮ್ಮಗಳು: ಮೂಗು ಈಗ ಅಜ್ಜಿಯದ್ದೇ! ಆದರೆ ಕೆನ್ನೆ ಇನ್ನೂ ಬೆಳ್ಳಗಿದೆ.

ಸ್ಟುಡಿಯೊದವನು: ಫೋಟೊ ತಿದ್ದುವ GIMP‌ನಲ್ಲಿ ಒಂದೇ ಕೆನ್ನೆಯ ಒಂದೇ ಜಾಗವನ್ನು ಎರಡೂ ಚಿತ್ರದಲ್ಲಿ ಕಲರ್ ಪಿಕರ್‌ನಿಂದ ಅಳೆಯಿರಿ. ಕಣ್ಣನ್ನು ನಂಬಬೇಡಿ, ಪಕ್ಕದಲ್ಲಿ ಬಿಳಿ ಸೀರೆ ಇದ್ದರೆ ಮೋಸ ಹೋಗುತ್ತೆ. ವ್ಯತ್ಯಾಸ ಇದ್ದರೆ, ಮುಖದ ದೊಡ್ಡ ನೆರಳು-ಬೆಳಕನ್ನು ಬ್ಲರ್ ಮಾಡಿದ ಮೂಲ ಸ್ಕ್ಯಾನ್‌ನಿಂದ ತಗೊಳ್ಳಿ, ರೆಪ್ಪೆ, ಸುಕ್ಕಿನಂಥ ಸಣ್ಣ ಗೆರೆಗಳನ್ನು ಮಾತ್ರ ರಿಪೇರಿ ಚಿತ್ರದಿಂದ.

ಮಡಿಕೇರಿ ಮಂಜು: ಆದರೆ ಅಣ್ಣ, ಪ್ರಿಂಟೇ ಮಾಸಿದ್ದರೆ? ನಮ್ಮ ಮಳೆಗಾಲದ ತೇವಕ್ಕೆ ಯಾವ ಫೋಟೊ ಉಳಿದಿದೆ? ಆ ಮೂಲವೇ ನಿಜಕ್ಕಿಂತ ಬೆಳ್ಳಗಿರಬಹುದಲ್ಲ.

ಸ್ಟುಡಿಯೊದವನು: ಈ ಮಾತು ಸರಿ. ಕೂದಲಿನ ಕಪ್ಪು ಬೂದುಬಣ್ಣ ಆಗಿದ್ದರೆ ಫೋಟೊ ಮಾಸಿದೆ ಅಂತ ಗೊತ್ತಾಗುತ್ತೆ, ಮೊದಲು ಅದನ್ನು ಕಪ್ಪಿಗೆ ಎಳೆಯಿರಿ. ಆದರೂ ಬಿಸಿಲಲ್ಲಿ ನಿಂತ ಮುಖದ ನಿಜ ಬಣ್ಣವನ್ನು ಕಪ್ಪು-ಬಿಳುಪು ಫೋಟೊ ಹೇಳಲ್ಲ.

ಸಿದ್ದಾಪುರದ ಮೊಮ್ಮಗಳು: ಕೂದಲು ಸರಿಮಾಡಿ ಅಮ್ಮನಿಗೆ ತೋರಿಸಿದೆ. "ಇನ್ನೂ ಸ್ವಲ್ಪ ಕಪ್ಪು ಇದ್ದರು" ಅಂದರು. ಚಿಕ್ಕಮ್ಮ "ಇಲ್ಲ, ಇಷ್ಟೇ" ಅಂತಾರೆ. ಇಬ್ಬರನ್ನೂ ಕೂರಿಸಿಕೊಂಡು ನೋಡುತ್ತಿದ್ದೇನೆ.